ಯಾರ ಕಾಲಿಗೆ ಯಾರು?

"ಇಷ್ಟೆಲ್ಲ ಓದಿದೀರಿ, ಇನ್ನೂ ದೊಡ್ಡವರ ಕಾಲಿಗೆ ಬೀಳ್ತೀರಲ್ಲ! ಸುಮ್ನೆ ಕೈ ಮುಗಿದ್ರೆ ಸಾಲಲ್ವಾ?"

ಸಾಲಲ್ಲ. ಓಟು ಕೇಳಲು ಬಂದವರಿಗೂ ಕೈ ಮುಗಿಯುತ್ತೇವೆ. ಅದರಿಂದ ಯಾರು ಯಾರಿಗೆ ಏನಾಗಬೇಕು ಎಂದು ಗೊತ್ತಾಗುವುದಿಲ್ಲ. ಇನ್ನು, ಬಗ್ಗಿದರೆ ರಕ್ತ ಸಂಚಾರ ಚೆನ್ನಾಗಿ ಆಗುತ್ತದೆ ಎಂದು ವಾಟ್ಸಾಪ್ ಕಳಿಸುವ ಮಾವಂದಿರೇ, ದಯವಿಟ್ಟು ಸುಮ್ಮನಿರಿ. ಹಾಗಿದ್ದರೆ ನಮ್ಮ ಸೊಸೆಯಂದಿರಿಗೆ ಕಾಯಿಲೆಯೇ ಬರಬಾರದಿತ್ತು.

ನನ್ನ ಮದುವೆಯಲ್ಲಿ ಧಾರೆ ಮುಗಿದ ಮೇಲೆ ದೊಡ್ಡತ್ತೆ ನನ್ನ ತೋಳು ಹಿಡಿದು ಛತ್ರವೆಲ್ಲ ಸುತ್ತಿಸಿದರು. ಮೊದಲು ಅಜ್ಜ, ಆಮೇಲೆ ದೊಡ್ಡಮಾವ, ಹೀಗೆ ಸಾಲಾಗಿ. ಕೊನೆಗೆ ಗಂಡನ ಅಣ್ಣನ ಹೆಂಡತಿಯ ಮುಂದೆ ನಿಲ್ಲಿಸಿದರು. ವಯಸ್ಸಿನಲ್ಲಿ ಅವಳು ನನಗಿಂತ ಚಿಕ್ಕವಳು. "ಬೇಡ ಅಕ್ಕಾ" ಎಂದು ಹಿಂದೆ ಸರಿದಳು. ದೊಡ್ಡತ್ತೆ ಗದರಿದರು: "ಅವಳ್ಯಾಕೆ ಅಕ್ಕ? ಅಕ್ಕ ನೀನು. ನೆಟ್ಟಗೆ ನಿಲ್ಲು." ನಾನು ಬಗ್ಗಿದೆ. ಅವತ್ತಿನಿಂದ ಹಬ್ಬಕ್ಕೆ ಏನು ಅಡುಗೆ ಎಂದು ಅವಳನ್ನು ಕೇಳುತ್ತಾರೆ, ಕಾಯಿ ತುರಿಯಲು ನನ್ನನ್ನು ಕರೆಯುತ್ತಾರೆ.

ಅಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ವಯಸ್ಸಲ್ಲ, ಜಾಗ. ಅದೇ ಬೆಳಿಗ್ಗೆ ನನ್ನ ಅಪ್ಪ ಅಳಿಯನ ಕಾಲು ತೊಳೆದಿದ್ದರು. ಮಂಟಪದಲ್ಲಿ ವರ ವಿಷ್ಣು ಅಲ್ವಾ! ಅಯ್ಯಪ್ಪನ ಮಾಲೆ ಹಾಕಿದ ಹುಡುಗನಿಗೆ ಅವನ ತಾಯಿಯೇ ನಮಸ್ಕರಿಸುವುದುಂಟು. ಮಾಲೆ ತೆಗೆದ ಮೇಲೆ ಅವನು ಮತ್ತೆ ಬೈಸಿಕೊಳ್ಳುವ ಮಗ.

ಬಗ್ಗಿದವರದು ಅರ್ಧ ಕೆಲಸ ಅಷ್ಟೇ. ಉಳಿದರ್ಧ ನಿಂತವರದು. ನನ್ನ ಚಿಕ್ಕಪ್ಪನ ಮಗ ಬೇರೆ ಜಾತಿಯ ಹುಡುಗಿಯನ್ನು ರಿಜಿಸ್ಟರ್ ಮದುವೆಯಾಗಿ ಮನೆಗೆ ಕರೆದುಕೊಂಡು ಬಂದ. ಇಬ್ಬರೂ ಬಾಗಿಲಲ್ಲೇ ಕಾಲಿಗೆ ಬಿದ್ದರು. ಚಿಕ್ಕಪ್ಪ ಕಾಲು ಹಿಂದಕ್ಕೆ ಎಳೆದುಕೊಂಡರು. ಒಂದು ಮಾತೂ ಆಡಲಿಲ್ಲ, ಆದರೆ ಬೀದಿಗೆಲ್ಲ ವಿಷಯ ತಿಳಿಯಿತು. ಮಗು ಹುಟ್ಟಿದ ಮೇಲೆ ಮತ್ತೆ ಬಂದರು, ಮತ್ತೆ ಬಿದ್ದರು. ಆಗ ಸೊಸೆಯ ತಲೆ ಮೇಲೆ ಕೈಯಿಟ್ಟು "ಚೆನ್ನಾಗಿರಮ್ಮ" ಎಂದರು. ಕ್ಷಮೆ ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಆದರೆ ಅವತ್ತು ಮಧ್ಯಾಹ್ನ ಅವಳು ಎಲ್ಲರ ಪಂಕ್ತಿಯಲ್ಲೇ ಊಟಕ್ಕೆ ಕೂತಳು. ಕೈ ಮುಗಿದು ಇದನ್ನು ಮಾಡಿ ತೋರಿಸಿ ನೋಡೋಣ.

ನನ್ನನ್ನು ಚುಚ್ಚಲೇಬೇಕು ಅಂತಿದ್ದರೆ ಬೇರೆ ಪ್ರಶ್ನೆ ಕೇಳಿ. ದೊಡ್ಡತ್ತೆ ಸುತ್ತಿಸಿದರಲ್ಲ, ಆ ಸಾಲಿನಲ್ಲಿ ಯಾರು ಇರಲಿಲ್ಲ? ಗಂಡನನ್ನು ಕಳೆದುಕೊಂಡ ಸೋದರತ್ತೆ ಉಗ್ರಾಣದ ಬಾಗಿಲಲ್ಲಿ ನಿಂತಿದ್ದರು. ಅವರತ್ತ ನನ್ನನ್ನು ಯಾರೂ ಕರೆದೊಯ್ಯಲಿಲ್ಲ. ನಮ್ಮ ತೋಟದಲ್ಲಿ ದುಡಿದು ಮುದುಕನಾದ ಆಳು ಅಂಗಳದಿಂದಲೇ ನನಗೇ ಕೈ ಮುಗಿದು, ಹಿಂದಿನ ಪಂಕ್ತಿಯಲ್ಲಿ ಉಂಡು ಹೋದ. ಅವನು ನನ್ನ ಅಜ್ಜನ ವಯಸ್ಸಿನವನು. ಹಿರಿಯರಿಗೆ ಗೌರವ ಕೊಡುವುದು ನಮ್ಮ ಸಂಸ್ಕೃತಿ ಎಂದು ಭಾಷಣ ಮಾಡುವವರು ಈ ಇಬ್ಬರ ವಿಷಯಕ್ಕೆ ಏನು ಹೇಳುತ್ತಾರೋ ಕೇಳಿಕೊಂಡು ಬನ್ನಿ.