ಮೂರು ಬಿಡಿ ದಿನಗಳ ರಜೆ

ಮಗಳ ಪ್ಲಸ್ ವನ್ ಸೇರ್ಪಡೆಗೆ ನಿನ್ನೆ ರಜೆ ಅರ್ಜಿ ಕೊಟ್ಟೆ. ಒಟ್ಟಿಗೆ ಒಂದು ವಾರ ಬೇಡ, ಬಿಡಿ ಬಿಡಿಯಾಗಿ ಮೂರು ದಿನ ಸಾಕು ಎಂದು ಬರೆದೆ. ಸೋಮವಾರ ಮಂಗಳೂರಿನ ಕಾಲೇಜಿನಲ್ಲಿ ಸಂದರ್ಶನ, ಮುಂದಿನ ಗುರುವಾರ ಮಧ್ಯಾಹ್ನ ಕೌನ್ಸೆಲಿಂಗ್. ಇವೆರಡರ ದಿನಾಂಕ ಗೊತ್ತಿದೆ. ಮೂರನೆಯದು ಇಲ್ಲಿ ಕೇರಳದ ಏಕಜಾಲಕ ಅಲಾಟ್‌ಮೆಂಟ್, ಅಂದರೆ ಒಂದೇ ಅರ್ಜಿಯಲ್ಲಿ ಪ್ಲಸ್ ವನ್ ಸೀಟು ಹಂಚುವ ಪಟ್ಟಿ. ಪಟ್ಟಿ ಬಂದ ಮೇಲೆ ಕೊಟ್ಟ ದಿನಗಳೊಳಗೆ ಅಸಲು ಸರ್ಟಿಫಿಕೇಟ್ ಹಿಡಿದು ಶಾಲೆಗೆ ಹೋಗಲೇಬೇಕು. ತಾತ್ಕಾಲಿಕ ಪ್ರವೇಶವನ್ನಾದರೂ ಪಡೆಯದಿದ್ದರೆ ಸೀಟು ಹೋಗುತ್ತದೆ. ಹಾಗಾಗಿ ಆ ದಿನವನ್ನು "ಪಟ್ಟಿ ಬಂದ ಸಂಜೆಯೇ ತಿಳಿಸುತ್ತೇನೆ" ಎಂದು ಬೇರೆಯಾಗಿ ಬರೆದೆ. ಸುಮ್ನೆ ಒಂದು ತಾರೀಕು ಹಾಕಿ ಆಮೇಲೆ ಬದಲಿಸುವುದು ಸರಿಯಲ್ಲ ಅಲ್ವಾ?

ನಾನು ಕಾಸರಗೋಡಿನ ಒಂದು ಸಹಕಾರಿ ಸಂಘದಲ್ಲಿ ಕ್ಯಾಷಿಯರ್. ತಿಜೋರಿಯ ಎರಡು ಕೀಲಿಗಳಲ್ಲಿ ಒಂದು ನನ್ನ ಹತ್ತಿರ. ಬೆಳಿಗ್ಗೆ ಫೋನ್ ಮಾಡಿ ರಜೆ ಹೇಳಿದರೆ ಕೌಂಟರ್ ತೆರೆಯುವುದೇ ಇಲ್ಲ. ಅದಕ್ಕೆ ಹಿಂದಿನ ಸಂಜೆಯೇ ಲೆಕ್ಕ ಮುಗಿಸಿ, ನಗದು ಎಣಿಸಿ, ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕಿ ಶಾಂತಕ್ಕನಿಗೆ ಕೀಲಿ ಕೊಡುತ್ತೇನೆ. ಅವರನ್ನು ಮೊದಲೇ ಕೇಳಿ, ಒಪ್ಪಿದ ಮೇಲೆಯೇ ಅರ್ಜಿಯಲ್ಲಿ ಹೆಸರು ಹಾಕಿದೆ. ಗುರುವಾರ ಅರ್ಧ ದಿನ ಮಾತ್ರ. ಆದರೆ ಅಂದು ಮಧ್ಯಾಹ್ನವೇ ಕೀಲಿ ಕೈ ಬದಲಾಗಬೇಕು, ನಡುವೆ ಎಣಿಸಲು ಅರ್ಧ ಗಂಟೆ ಕೌಂಟರ್ ನಿಲ್ಲುತ್ತದೆ. ಅದನ್ನೂ ಬರೆದೆ.

ಮ್ಯಾನೇಜರ್ ಓದಿ, "ಶಾಂತಕ್ಕನಿಗೆ ಆ ದಿನ ಜಾಸ್ತಿ ಕೆಲಸ ಆಗದ ಹಾಗೆ ಚಿನ್ನದ ಸಾಲದ ಕೌಂಟರ್ ನಾನೇ ನೋಡಿಕೊಳ್ಳುತ್ತೇನೆ" ಎಂದರು. ಮನಸ್ಸು ಹಗುರವಾಯಿತು. ಶಾಂತಕ್ಕನ ಮಗನಿಗೆ ಮುಂದಿನ ವರ್ಷ ಹತ್ತನೇ ಕ್ಲಾಸ್. ಆಗ ಅವರ ದಿನಗಳು ನನ್ನವು.