ಮುಂದಿನ ತಿಂಗಳಿಂದ ಉಳಿಸ್ತೀನಿ ಅಂದವರು ಯಾಕೆ ಉಳಿಸುವುದಿಲ್ಲ?

“ಉಳಿಸೋದು ಒಳ್ಳೇದು ಅಂತ ಗೊತ್ತು, ಉಳಿಸಬೇಕು ಅಂತ ಆಸೆನೂ ಇದೆ. ಆದ್ರೂ ಪ್ರತಿ ಸಲ ಮುಂದಿನ ತಿಂಗಳು ನೋಡೋಣ ಅಂತ ತಳ್ಳುತ್ತಾ ಬರ್ತೀನಿ. ಯಾಕೆ ಹೀಗೆ?”

ಇದನ್ನು ಕೇಳುವವರು ಸಾಮಾನ್ಯವಾಗಿ ತಮ್ಮನ್ನೇ ಬೈದುಕೊಳ್ಳುತ್ತಾ ಕೇಳುತ್ತಾರೆ, ನನಗೆ ಶಿಸ್ತೇ ಇಲ್ಲ ಅಂತ. ನನಗೆ ಹಾಗನ್ನಿಸುವುದಿಲ್ಲ. ಮುಂದಿನ ತಿಂಗಳು ಉಳಿಸುತ್ತೇನೆ ಅಂತ ಹೇಳುವಾಗ ನೀವು ಮನಸಾರೆ ಹೇಳುತ್ತಿರುತ್ತೀರಿ. ಎಡವಟ್ಟಾಗುವುದು ಮನಸ್ಸು ಹಾಕುವ ಲೆಕ್ಕದಲ್ಲಿ. ಅದು ಇವತ್ತಿನದಕ್ಕೆ ಪೂರ್ತಿ ಬೆಲೆ ಕೊಡುತ್ತದೆ, ಇವತ್ತಿನ ನಂತರದ ಎಲ್ಲದಕ್ಕೂ ಒಂದೇ ಏಟಿಗೆ ಬೆಲೆ ಇಳಿಸಿಬಿಡುತ್ತದೆ. ಇದಕ್ಕೆ ಪ್ರೆಸೆಂಟ್ ಬಯಾಸ್ ಅನ್ನುತ್ತಾರೆ. 1997ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ಲೈಬ್ಸನ್ ಇದನ್ನು ಉಳಿತಾಯದ ವಿಷಯಕ್ಕೆ ಹಚ್ಚಿ ನೋಡಿದರು. ಅದರ ಹಿಂದಿನ ಲೆಕ್ಕ ಯಾರಿಗಾದರೂ ಅರ್ಥವಾಗುವಂಥದ್ದು.

ಸಂಬಳದಲ್ಲಿ ಒಂದಿಷ್ಟು ಎತ್ತಿಡುವ ಕಷ್ಟಕ್ಕೆ 10 ಅಂಕ ಅಂತ ಇಟ್ಟುಕೊಳ್ಳೋಣ. ಮುಂದೆಂದೋ ಅದರಿಂದ ಸಿಗುವ ನೆಮ್ಮದಿಗೆ 15. ಇವತ್ತಲ್ಲದ್ದಕ್ಕೆಲ್ಲ ಮನಸ್ಸು ಹತ್ತಕ್ಕೆ ಆರರಷ್ಟೇ ಬೆಲೆ ಕೊಡುತ್ತದೆ ಅನ್ನೋಣ. ಇವತ್ತೇ ಎತ್ತಿಡುವುದಾದರೆ ಕಷ್ಟ ಪೂರ್ತಿ 10, ನೆಮ್ಮದಿ 15ರಿಂದ 9ಕ್ಕೆ ಇಳಿಯುತ್ತದೆ. ಹಾಗಾಗಿ ಬೇಡ ಅನ್ನಿಸುತ್ತದೆ. ಅದೇ ಮುಂದಿನ ತಿಂಗಳ ಮಾತಾದರೆ ಕಷ್ಟವೂ ದೂರದ್ದು, ಅದೂ ಇಳಿದು 6 ಆಗುತ್ತದೆ, ನೆಮ್ಮದಿ 9ರಲ್ಲೇ ಇರುತ್ತದೆ. ಈಗ ಖಂಡಿತ ಉಳಿಸಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಆ ತಿಂಗಳು ಬಂದ ದಿನ ಅದೇ ‘ಇವತ್ತು’ ಆಗಿರುತ್ತದೆ, 6 ಇದ್ದದ್ದು ಮತ್ತೆ 10 ಆಗಿರುತ್ತದೆ. ನೀವು ಬದಲಾಗಿಲ್ಲ, ಉಳಿತಾಯದ ಲಾಭವೂ ಕಡಿಮೆಯಾಗಿಲ್ಲ, ದಿನ ಹತ್ತಿರ ಬಂತು ಅಷ್ಟೇ.

ಇದು ವರ್ಷಗಟ್ಟಲೆ ಎಳೆಯುವುದಕ್ಕೆ ಇನ್ನೊಂದು ಕಾರಣವಿದೆ. ಒಂದು ತಿಂಗಳು ತಡವಾದರೆ ಆಗುವ ನಷ್ಟ ನಿಜಕ್ಕೂ ಸಣ್ಣದು, ಹಾಗಾಗಿ ಪ್ರತಿ ಸಲದ ಮುಂದೂಡಿಕೆಯೂ ಆ ಗಳಿಗೆಗೆ ಸರಿಯಾಗಿಯೇ ಕಾಣುತ್ತದೆ. ‘ಇದೊಂದೇ ತಿಂಗಳು’ ಅಂತ ನಂಬಿದವರು ಅದನ್ನು ಐದು ವರ್ಷದ ನಿರ್ಧಾರ ಅಂತ ಯಾವತ್ತೂ ತೂಗಿ ನೋಡಿರುವುದಿಲ್ಲ. 1999ರಲ್ಲಿ ಅರ್ಥಶಾಸ್ತ್ರಜ್ಞರಾದ ಟೆಡ್ ಓಡೊನೊಗ್ಯೂ ಮತ್ತು ಮ್ಯಾಥ್ಯೂ ರೇಬಿನ್ ತೋರಿಸಿದ್ದು ಇದನ್ನೇ. ಮುಂದೆಯೂ ತಾನು ಹೀಗೇ ಜಾರಿಕೊಳ್ಳುತ್ತೇನೆ ಅಂತ ತಿಳಿದಿರುವವನಿಗಿಂತ, ಮುಂದಿನ ತಿಂಗಳು ಗಟ್ಟಿಯಾಗಿರುತ್ತೇನೆ ಅಂತ ನಂಬಿದವನು ಜಾಸ್ತಿ ಮುಂದೂಡುತ್ತಾನೆ.

ಹಾಗಂತ ಉಳಿಸದವರಿಗೆಲ್ಲ ಇದೇ ತೊಂದರೆ ಅನ್ನುವುದು ತಪ್ಪು. ಖರ್ಚಿಗೇ ಸಾಲದ ಆದಾಯ ಇರುವವರಿಗೆ ಈ ಮಾತು ಹೇಳುವುದು ಅನ್ಯಾಯ. ಗುರುತಿಸುವುದು ಹೀಗೆ: ಮುಂದಿನ ವರ್ಷದಿಂದ ಇಷ್ಟು ಕಡಿತ ಮಾಡಲಿ, ಈಗಲೇ ಸಹಿ ಹಾಕ್ತೀರಾ ಅಂತ ಕೇಳಿ. ಹಣವೇ ಸಾಲದವರು ಅದಕ್ಕೂ ಆಗಲ್ಲ ಅನ್ನುತ್ತಾರೆ. ಇವತ್ತು ಬೇಡ ಅಂದು ಮುಂದಿನ ವರ್ಷಕ್ಕೆ ಖುಷಿಯಿಂದ ಒಪ್ಪಿ, ಆ ದಿನ ಬಂದಾಗ ಮತ್ತೆ ಬೇಡ ಅನ್ನುವವರಲ್ಲಿ, ಪರಿಸ್ಥಿತಿ ಮೊದಲಿನಂತೆಯೇ ಇದ್ದರೆ, ಈ ಬಯಾಸ್ ಕೆಲಸ ಮಾಡುತ್ತಿರುವ ಸಾಧ್ಯತೆ ಹೆಚ್ಚು.

ಮುಂದಿನದಕ್ಕೆ ಸುಲಭವಾಗಿ ಸಿಗುವ ಈ ಒಪ್ಪಿಗೆಯನ್ನೇ ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಬಳಸಿಕೊಂಡರು. ಅಮೆರಿಕದ ಒಂದು ಕಂಪನಿಯಲ್ಲಿ ನೌಕರರಿಗೆ ಸಲಹೆಗಾರರು ಮೊದಲು ಹೇಳಿದ್ದು, ನಿವೃತ್ತಿ ಉಳಿತಾಯವನ್ನು ಈಗಲೇ ಸಂಬಳದ ಶೇ. 5ರಷ್ಟು ಹೆಚ್ಚಿಸಿ ಅಂತ. ಹೆಚ್ಚಿನವರು ಆಗಲ್ಲ ಅಂದರು. ಆಗಲ್ಲ ಅಂದವರ ಮುಂದೆ ಇನ್ನೊಂದು ದಾರಿ ಇಟ್ಟರು. ಈಗ ಏನೂ ಕೊಡಬೇಡಿ, ಮುಂದೆ ಸಂಬಳ ಏರಿದಾಗಲೆಲ್ಲ ಸಂಬಳದ ಶೇ. 3ರಷ್ಟು ಜಾಸ್ತಿ ಉಳಿತಾಯಕ್ಕೆ ಹೋಗಲಿ, ಬೇಡ ಅನ್ನಿಸಿದ ದಿನ ನಿಲ್ಲಿಸಬಹುದು. ಅವರಲ್ಲಿ ಶೇ. 78 ಮಂದಿ ಒಪ್ಪಿದರು. 40 ತಿಂಗಳಲ್ಲಿ ಅವರ ಸರಾಸರಿ ಉಳಿತಾಯ ಸಂಬಳದ ಶೇ. 3.5ರಿಂದ 13.6ಕ್ಕೆ ಏರಿತು. ಮೊದಲೇ ಸಲಹೆ ಒಪ್ಪಿ ಒಮ್ಮೆಗೇ ಏರಿಸಿದವರು ಶೇ. 9ರ ಆಸುಪಾಸಿನಲ್ಲೇ ನಿಂತುಬಿಟ್ಟಿದ್ದರು.

ಇಲ್ಲಿ ಎರಡು ವಿಷಯ ಸೇರಿ ಕೆಲಸ ಮಾಡಿವೆ. ಒಪ್ಪಿಗೆ ಕೊಟ್ಟ ದಿನ ಕಷ್ಟ ದೂರದಲ್ಲಿತ್ತು, ಅಂದರೆ 10ರ ಬದಲು 6. ಕಡಿತ ಶುರುವಾದ ದಿನ ಸಂಬಳವೂ ಏರಿದ್ದರಿಂದ, ಬೆಲೆಯೇರಿಕೆಯನ್ನು ಪಕ್ಕಕ್ಕಿಟ್ಟು ನೋಡಿದರೆ, ಕೈಗೆ ಬರುವ ಹಣ ಕಡಿಮೆಯಾದಂತೆ ಕಾಣಲಿಲ್ಲ. ನಿಲ್ಲಿಸುವ ಹಕ್ಕಿತ್ತು, ಆದರೆ ನಿಲ್ಲಿಸಬೇಕಾದರೆ ಎದ್ದು ಹೋಗಿ ಒಂದು ಕೆಲಸ ಮಾಡಬೇಕಿತ್ತು, ಅದನ್ನೂ ಜನ ಮುಂದೂಡಿದರು.

ಹಾಗಾಗಿ ನನ್ನನ್ನು ಕೇಳಿದವರಿಗೆ ನಾನು ಹೇಳುವುದು, ಇವತ್ತಿನಿಂದಲೇ ಉಳಿಸಿ ಅಂತಲ್ಲ. ಮುಂದಿನ ಸಂಬಳ ಏರಿಕೆಯ ತಿಂಗಳಿಂದ, ಸಂಬಳ ಬೀಳುವ ದಿನವೇ ಬೇರೆ ಖಾತೆಗೆ ಹಣ ತಾನಾಗಿ ಹೋಗುವ ಹಾಗೆ ಬ್ಯಾಂಕಿಗೆ ಇವತ್ತು ಸೂಚನೆ ಕೊಟ್ಟುಬಿಡಿ. ಈಗ ನಿಮ್ಮ ಜೇಬಿನಿಂದ ಏನೂ ಹೋಗುವುದಿಲ್ಲ.