ಇಡ್ಲಿ ಹಿಟ್ಟಿನಲ್ಲಿ ಸಿಕ್ಕ ಕಡ್ಡಿಯ ಹೆಸರೇನು?

"ಬ್ಯಾಕ್ಟೀರಿಯಾ ಮೈಕ್ರೋಸ್ಕೋಪ್‌ನಲ್ಲಿ ಕಣ್ಣಿಗೇ ಕಾಣುತ್ತಲ್ಲ? ಕಡ್ಡಿಯ ಹಾಗಿದೆಯೋ ಗುಂಡಗಿದೆಯೋ ನೋಡಿ ಹೆಸರು ಹೇಳೋದು ಬಿಟ್ಟು, ಪೂರ್ತಿ ಜೀನೋಮ್ ಓದೋದು ಯಾಕೆ?" ಹೀಗೆ ಕೇಳುವವರಿದ್ದಾರೆ.

ರಾತ್ರಿಯಿಡೀ ಹುದುಗಿದ ಇಡ್ಲಿ ಹಿಟ್ಟನ್ನು ಒಂದು ಚೂರು ಗಾಜಿನ ಮೇಲೆ ಸವರಿ ಗ್ರಾಮ್ ಬಣ್ಣ ಹಾಕಿ ನೋಡಿ. ಸಣ್ಣ ಕಡ್ಡಿಗಳ ಹಾಗಿರುವ ಬ್ಯಾಕ್ಟೀರಿಯಾಗಳು ಕಾಣುತ್ತವೆ. ಜೋಡಿಜೋಡಿಯಾಗಿ, ಸರದ ಹಾಗೆ ನಿಂತ ಗುಂಡುಗಳೂ ಕಾಣುತ್ತವೆ. ಎರಡೂ ನೇರಳೆ ಬಣ್ಣವೇ. ನೂರು ವರ್ಷದ ಹಿಂದೆ ಇದನ್ನು ನೋಡಿದವರು ಕಡ್ಡಿಗಳನ್ನು ಒಂದು ಡಬ್ಬಿಗೆ, ಗುಂಡುಗಳನ್ನು ಇನ್ನೊಂದು ಡಬ್ಬಿಗೆ ಹಾಕುತ್ತಿದ್ದರು. ಹುಳಿ ಮಾಡುವ ನೇರಳೆ ಕಡ್ಡಿಗಳ ಡಬ್ಬಿಗೆ 1901ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಇಟ್ಟ ಹೆಸರು ಲ್ಯಾಕ್ಟೋಬ್ಯಾಸಿಲಸ್. ಇಡ್ಲಿ ಹಿಟ್ಟನ್ನು ಉಬ್ಬಿಸುವ ಗುಂಡುಗಳಲ್ಲಿ ಮುಖ್ಯವಾದದ್ದು ಲ್ಯೂಕೊನೋಸ್ಟಾಕ್. ಅದನ್ನು ಬಹಳ ಕಾಲ ಬೇರೆ ಕುಟುಂಬವೆಂದೇ ಎಣಿಸಿದ್ದರು.

ಜೀನೋಮ್‌ಗಳನ್ನು, ಎಂದರೆ ಜೀವಿಯ ಪೂರ್ತಿ ಡಿಎನ್‌ಎ ಬರಹವನ್ನು, ಓದಿ ವಂಶವೃಕ್ಷ ಬಿಡಿಸಿದಾಗ ಈ ಲೆಕ್ಕ ತಪ್ಪಿತು. ಗುಂಡಗಿನ ಲ್ಯೂಕೊನೋಸ್ಟಾಕ್‌ನ ಕೊಂಬೆ ಚಿಗುರುವುದು ಈ ಕಡ್ಡಿಗಳ ಕೊಂಬೆಗಳ ನಡುವಿನಿಂದಲೇ! ಎಂದರೆ ಕೆಲವು ಕಡ್ಡಿಗಳಿಗೆ ಡಬ್ಬಿಯೊಳಗಿನ ದೂರದ ಕಡ್ಡಿಗಳಿಗಿಂತ ಹೊರಗಿದ್ದ ಈ ಗುಂಡೇ ಹತ್ತಿರದ ನೆಂಟ. ಇನ್ನೊಂದು ಕಡೆ, ಲ್ಯಾಕ್ಟೋಬ್ಯಾಸಿಲಸ್ ಎಂಬ ಒಂದೇ ಹೆಸರಿನಡಿ 261 ಪ್ರಭೇದಗಳು ಸೇರಿಕೊಂಡಿದ್ದವು. ಅವುಗಳ ಒಳಗಿನ ಅಂತರ ಒಂದು ಕುಲಕ್ಕೆ ಇರಬೇಕಾದದ್ದಕ್ಕಿಂತ ತುಂಬಾ ಜಾಸ್ತಿ. 2020ರಲ್ಲಿ ಆ ಕುಲವನ್ನು 25 ಕುಲಗಳಾಗಿ ಒಡೆದರು. ಲ್ಯೂಕೊನೋಸ್ಟಾಕ್‌ನ ಕುಟುಂಬವನ್ನು ತಂದು ಕಡ್ಡಿಗಳ ಕುಟುಂಬದೊಳಗೇ ಸೇರಿಸಿದರು. ಮೊಸರಿನ ಬಲ್ಗಾರಿಕಸ್‌ಗೆ ಹಳೆಯ ಹೆಸರೇ ಉಳಿಯಿತು. ಹಿಟ್ಟಿನಲ್ಲೂ ಉಪ್ಪಿನಕಾಯಿಯಲ್ಲೂ ಸಿಗುವ ಪ್ಲಾಂಟೇರಮ್ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟೇರಮ್. ಹೆಸರು ಉದ್ದವಾಯಿತು ನಿಜ. ಆದರೆ ಈಗ ಆ ಹೆಸರು ಕೇಳಿದರೆ ಅದರ ನೆಂಟರು ಯಾರು ಅಂತ ಗೊತ್ತಾಗುತ್ತದೆ. ನನಗೆ ಅದು ದೊಡ್ಡ ಲಾಭ.

ಆಕಾರ ಯಾಕೆ ಕೈಕೊಡುತ್ತದೆ? ಕಡ್ಡಿ ಗುಂಡಾಗುವುದು ಬ್ಯಾಕ್ಟೀರಿಯಾಗೆ ಅಷ್ಟೇನೂ ದೊಡ್ಡ ಕೆಲಸವಲ್ಲ. ಕಡ್ಡಿಯನ್ನು ಉದ್ದಕ್ಕೆ ಬೆಳೆಸುವ ಕೆಲವು ಜೀನ್‌ಗಳು ಕಳೆದುಹೋದರೆ ಸಾಕು. ಬೇರೆ ಬೇರೆ ವಂಶಗಳಲ್ಲಿ ಇದು ಬೇರೆ ಬೇರೆಯಾಗಿಯೇ ನಡೆದಿದೆ. ಗ್ರಾಮ್ ಬಣ್ಣ ತೋರಿಸುವುದು ಬ್ಯಾಕ್ಟೀರಿಯಾದ ಹೊರಗೋಡೆಯ ದಪ್ಪವನ್ನು. ಅಜ್ಜ ಯಾರು ಅಂತ ಅದು ಹೇಳುವುದಿಲ್ಲ.

ಈಗ ನಮ್ಮದೇ ಒಂದು ಕೆಲಸದ ಕಥೆ. ಡಿಸೆಂಬರ್‌ನಲ್ಲಿ, ಬೆಂಗಳೂರಿನ ಚಳಿಗೆ ಹಿಟ್ಟು ಉಬ್ಬದೆ ಎಲ್ಲರೂ ಪಾತ್ರೆಗೆ ಶಾಲು ಸುತ್ತಿಡುವ ಹೊತ್ತಿನಲ್ಲಿ, ಜಯನಗರದ ಗೆಳತಿಯೊಬ್ಬರ ಮನೆಯ ಹಿಟ್ಟು ಮಾತ್ರ ಚೆನ್ನಾಗಿ ಹುಳಿಯಾಗುತ್ತಿತ್ತು. ಅದರಿಂದ ಒಂದು ಕಡ್ಡಿಯನ್ನು ಬೇರ್ಪಡಿಸಿ ಬೆಳೆಸಿದೆವು. ಮೊದಲು 16ಎಸ್ ಜೀನ್ ಓದಿಸಿದೆವು. ಸುಮಾರು 1,500 ಡಿಎನ್‌ಎ ಅಕ್ಷರಗಳ ಈ ಜೀನ್ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುತ್ತದೆ, ಬಹಳ ನಿಧಾನವಾಗಿ ಬದಲಾಗುತ್ತದೆ. ಹೋಲಿಕೆ 98.7%ಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಅದು ಬೇರೆ ಪ್ರಭೇದ. ಆದರೆ ಜಾಸ್ತಿ ಇದ್ದರೆ ಒಂದೇ ಪ್ರಭೇದ ಎಂದು ಹೇಳುವ ಹಾಗಿಲ್ಲ. ನಮಗೆ ಆದದ್ದೂ ಅದೇ. ಪ್ಲಾಂಟೇರಮ್ ಜೊತೆ 99%ಕ್ಕಿಂತ ಹೆಚ್ಚು, ಅದರ ದಾಯಾದಿ ಪೆಂಟೋಸಸ್ ಜೊತೆಯೂ 99%ಕ್ಕಿಂತ ಹೆಚ್ಚು. ಈ ಇಬ್ಬರ ಮಧ್ಯೆ ಆ ಜೀನ್‌ನಲ್ಲಿ ಬೆರಳೆಣಿಕೆಯ ಅಕ್ಷರಗಳಷ್ಟೇ ವ್ಯತ್ಯಾಸ.

ಹಾಗಾಗಿ ಪೂರ್ತಿ ಜೀನೋಮ್ ಓದಿಸಿದೆವು. ಅದನ್ನು ಆ ಪ್ರಭೇದದ ಟೈಪ್ ಸ್ಟ್ರೇನ್ ಜೊತೆ ಹೋಲಿಸಬೇಕು. ಟೈಪ್ ಸ್ಟ್ರೇನ್ ಎಂದರೆ ಆ ಹೆಸರಿಗೆ ಅಳತೆಗೋಲಾಗಿ ಕಾಪಾಡಿಟ್ಟ ತಳಿ. ಅದಕ್ಕೆ fastANI ಎಂಬ ತಂತ್ರಾಂಶವಿದೆ, ಕಮಾಂಡ್ ಒಂದೇ ಸಾಲು:

```
fastANI -q hittu.fasta -r plantarum_type.fasta -o out.txt
```

ಇದು ನಮ್ಮ ಜೀನೋಮನ್ನು 3,000 ಅಕ್ಷರಗಳ ತುಂಡು ಮಾಡುತ್ತದೆ. ಪ್ರತಿ ತುಂಡಿಗೂ ಟೈಪ್ ಸ್ಟ್ರೇನ್‌ನಲ್ಲಿ ಜೋಡಿ ಹುಡುಕುತ್ತದೆ. ಜೋಡಿ ಸಿಕ್ಕ ತುಂಡುಗಳ ಹೋಲಿಕೆಯ ಸರಾಸರಿ ತೆಗೆಯುತ್ತದೆ. ಈ ಸರಾಸರಿಗೆ ಎಎನ್‌ಐ ಅನ್ನುತ್ತಾರೆ. 95-96% ದಾಟಿದರೆ ಒಂದೇ ಪ್ರಭೇದ. ಈ ಗೆರೆಯನ್ನು ಸುಮ್ನೆ ಎಳೆದದ್ದಲ್ಲ. 2018ರಲ್ಲಿ ಸುಮಾರು 90,000 ಜೀನೋಮ್‌ಗಳನ್ನು ಹೀಗೆ ಒಂದಕ್ಕೊಂದು ಹೋಲಿಸಿ ನೋಡಿದರು. ಹೆಚ್ಚಿನ ಜೋಡಿಗಳು 95ರ ಮೇಲಿದ್ದವು, ಇಲ್ಲವೇ 83ರ ಕೆಳಗಿದ್ದವು. ನಡುವಿನ ಜಾಗ ಹೆಚ್ಚುಕಡಿಮೆ ಖಾಲಿ. ಗೆರೆ ನಿಂತಿರುವುದು ಆ ಖಾಲಿ ಜಾಗದ ಅಂಚಿನಲ್ಲಿ. ಒಂದು ಮಾತು, ಎಎನ್‌ಐ ಹತ್ತಿರದವರಿಗೆ ಮಾತ್ರ. 80%ಕ್ಕಿಂತ ಕೆಳಗೆ ಅದನ್ನು ನಂಬುವ ಹಾಗಿಲ್ಲ. ಕುಲ, ಕುಟುಂಬ ತಿಳಿಯಲು ಹಲವು ಪ್ರೋಟೀನ್‌ಗಳನ್ನು ಸಾಲಾಗಿ ಜೋಡಿಸಿ ವಂಶವೃಕ್ಷವನ್ನೇ ಬಿಡಿಸಬೇಕು.

ನಮ್ಮ ಉತ್ತರ ಬಂತು. ಪ್ಲಾಂಟೇರಮ್ ಜೊತೆ ಸುಮಾರು 99. ಪೆಂಟೋಸಸ್ 95ರ ಹತ್ತಿರಕ್ಕೂ ಬರಲಿಲ್ಲ. ಎಲ್ಲರಿಗೂ ಖುಷಿ. ಆದರೆ ಅದೇ ಸಾಲಿನ ಕೊನೆಯಲ್ಲಿ ಇನ್ನೆರಡು ಅಂಕೆಗಳಿರುತ್ತವೆ, ಎಷ್ಟು ತುಂಡಿಗೆ ಜೋಡಿ ಸಿಕ್ಕಿತು, ಒಟ್ಟು ಎಷ್ಟು ತುಂಡು ಅಂತ. 1,700ಕ್ಕೂ ಹೆಚ್ಚು ತುಂಡುಗಳಲ್ಲಿ ಜೋಡಿ ಸಿಕ್ಕದ್ದು ಸಾವಿರದಷ್ಟಕ್ಕೆ. ಒಂದೇ ಪ್ರಭೇದವಾಗಿದ್ದರೆ ಇಷ್ಟೊಂದು ತುಂಡುಗಳು ಒಂಟಿಯಾಗಿ ಉಳಿಯಬಾರದು. ಜೋಡಿ ಸಿಗದ ತುಂಡುಗಳು ಸರಾಸರಿಯ ಲೆಕ್ಕಕ್ಕೇ ಬರುವುದಿಲ್ಲ, ಅದಕ್ಕೇ 99 ಅಷ್ಟು ಚೆಂದ ಕಂಡಿದ್ದು.

ಜೀನೋಮ್‌ನ ಗಾತ್ರ ನೋಡಿದೆವು. ಸುಮಾರು 52 ಲಕ್ಷ ಅಕ್ಷರ! ಪ್ಲಾಂಟೇರಮ್‌ಗೆ ಸಾಮಾನ್ಯವಾಗಿ ಇರುವುದು 33 ಲಕ್ಷದ ಆಸುಪಾಸು. ಪ್ರತಿ ಬ್ಯಾಕ್ಟೀರಿಯಾದಲ್ಲೂ ಒಂದೊಂದೇ ಇರಬೇಕಾದ ಜೀನ್‌ಗಳು ಇಲ್ಲಿ ಎರಡೆರಡು ಸಿಕ್ಕವು. ಜಿ ಮತ್ತು ಸಿ ಅಕ್ಷರಗಳ ಪಾಲು ಕೆಲವು ತುಂಡುಗಳಲ್ಲಿ 44-45%, ಉಳಿದವುಗಳಲ್ಲಿ 37-38%. ಎರಡು ಜೀವಿಗಳ ಜೀನೋಮ್ ಒಂದೇ ಫೈಲಿನಲ್ಲಿ ಕೂತಿದ್ದವು. 37-38 ಲ್ಯೂಕೊನೋಸ್ಟಾಕ್‌ನ ಗುರುತು. ಅದರದ್ದು ಸುಮಾರು 20 ಲಕ್ಷ ಅಕ್ಷರ, ಲೆಕ್ಕವೂ ಕೂಡಿತು. ಸಕ್ಕರೆ ಸಿಕ್ಕರೆ ಅದು ಅಂಟಂಟು ಲೋಳೆ ಮಾಡುತ್ತದೆ. ಕಡ್ಡಿಯ ಕಾಲೊನಿಗೆ ಹಾಗೇ ಅಂಟಿಕೊಂಡು ಬಂದಿರಬೇಕು.

ಹಳೆಯ ಸ್ಲೈಡ್ ತೆಗೆದು ಮತ್ತೆ ಮೈಕ್ರೋಸ್ಕೋಪ್ ಕೆಳಗಿಟ್ಟೆ. ಒಂದು ಮೂಲೆಯಲ್ಲಿ ಕಡ್ಡಿಗಳ ನಡುವೆ ಗುಂಡು ಜೋಡಿಗಳು ಸ್ಪಷ್ಟವಾಗಿದ್ದವು. ಮೊದಲ ಸಲ ನೋಡಿದಾಗ ಅವನ್ನು ಗಿಡ್ಡ ಕಡ್ಡಿಗಳು ಎಂದುಕೊಂಡಿದ್ದೆವು. ಹೆಸರಿಡಲು ಉಪಯೋಗಕ್ಕೆ ಬಾರದ ಗ್ರಾಮ್ ಬಣ್ಣ ಇಲ್ಲಿ ಬೇಕೇ ಬೇಕು ಅಲ್ವಾ? ಆಸ್ಪತ್ರೆಯಲ್ಲೂ ಅಷ್ಟೇ, ಯಾವ ಔಷಧದಿಂದ ಶುರು ಮಾಡಬೇಕು ಅಂತ ವೈದ್ಯರು ಯೋಚಿಸುವಾಗ ಗೋಡೆ ಹೇಗಿದೆ ಎಂಬುದು ಕೆಲವೇ ನಿಮಿಷದಲ್ಲಿ ತಿಳಿಯಬೇಕು.

ಆಮೇಲೆ ಒಂದೊಂದೇ ಕಾಲೊನಿ ಎತ್ತಿ ಮೂರು ಸಲ ಮತ್ತೆ ಹೊಸ ತಟ್ಟೆಯ ಮೇಲೆ ಗೆರೆ ಎಳೆದು ಬೆಳೆಸಿದೆವು. ಪ್ರತಿ ಸಲವೂ ಸ್ಲೈಡ್ ಮಾಡಿ, ಬರೀ ಕಡ್ಡಿಯೇ ಇದೆಯಾ ಎಂದು ನೋಡಿದೆವು. ಎರಡನೇ ಸಲ ಓದಿಸಿದಾಗ ಜೀನೋಮ್ 33 ಲಕ್ಷದ ಹತ್ತಿರ ಬಂತು. ತುಂಡುಗಳು 1,100ರಷ್ಟಿದ್ದವು, ಅವುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೆ ಜೋಡಿ ಸಿಕ್ಕಿತು. ಎಎನ್‌ಐ ಹೆಚ್ಚುಕಡಿಮೆ ಮೊದಲಿನಷ್ಟೇ, 99ರ ಹತ್ತಿರ. ಗೆಳತಿಯ ಮನೆಯ ಕಡ್ಡಿಯ ಟ್ಯೂಬಿಗೆ ಪ್ಲಾಂಟೇರಮ್ ಎಂದು ಚೀಟಿ ಅಂಟಿಸಿದ್ದು ಆ ದಿನ.